ಬೆನ್ನುಹುರಿಯ ಇನ್‌ಫಾರ್ಕ್ಷನ್ (ನಾಯಿಗಳಲ್ಲಿ)

ಬೆನ್ನುಹುರಿಗೆ ರಕ್ತ ಒಯ್ಯುವ ಸಣ್ಣ ನಾಳ ಕಟ್ಟಿಕೊಂಡು, ಆ ಭಾಗದ ನರಾಂಗಾಂಶ ಸಾಯುವ ಸ್ಥಿತಿ. ಕಶೇರುಗಳ ನಡುವಿನ ಡಿಸ್ಕ್‌ನ ಚೂರೊಂದು ರಕ್ತನಾಳ ಸೇರುವುದು ಮುಖ್ಯ ಕಾರಣ; ಅದು ಒಳಹೋಗುವ ದಾರಿ ಇನ್ನೂ ಖಚಿತವಾಗಿಲ್ಲ. ದೊಡ್ಡ ತಳಿಯ ನಡುವಯಸ್ಸಿನ ನಾಯಿಗಳಲ್ಲಿ ಹೆಚ್ಚು.

ಚೆಂಡಿನ ಹಿಂದೆ ಓಡುತ್ತಿದ್ದ ಐದು ವರ್ಷದ ಲ್ಯಾಬ್ರಡಾರ್ ಒಮ್ಮೆ ಕಿರುಚಿ ಕುಸಿಯುತ್ತದೆ ಎನ್ನೋಣ. ಬಲಗಡೆಯ ಮುಂಗಾಲು, ಹಿಂಗಾಲು ಎರಡೂ ಸೋತಿವೆ, ಎಡಗಡೆ ಬಹುತೇಕ ಸರಿಯಿದೆ. ಹಾಗಿದ್ದರೆ ಪೆಟ್ಟು ಕುತ್ತಿಗೆಯ ಭಾಗದಲ್ಲಿ, ಬಲಕ್ಕೆ. ಸೊಂಟದ ಮಟ್ಟದಲ್ಲಾದರೆ ಹಿಂಗಾಲು ಮಾತ್ರ ಸೋಲುತ್ತದೆ. ಕೆಲವೇ ಗಂಟೆಗಳಲ್ಲಿ ಕುತ್ತಿಗೆ ಒತ್ತಿದರೂ ನಾಯಿ ನೋವು ತೋರುವುದಿಲ್ಲ. ಮೊದಲ ದಿನದ ನಂತರ ದೌರ್ಬಲ್ಯ ಹೆಚ್ಚುವುದೂ ಇಲ್ಲ. ನೋವು ಉಳಿದರೆ ಅಥವಾ ಸ್ಥಿತಿ ಹದಗೆಡುತ್ತಲೇ ಹೋದರೆ, ಹುರಿಯನ್ನು ಒತ್ತುತ್ತಿರುವ ಡಿಸ್ಕ್‌ನಂಥ ಬೇರೆ ಕಾರಣವನ್ನು ಶಂಕಿಸಬೇಕು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಎಕ್ಸ್‌ರೇಯಲ್ಲಿ ಇನ್‌ಫಾರ್ಕ್ಷನ್ ಕಾಣದು, ಎಂಆರ್‌ಐ ಬೇಕು.

ಕಟ್ಟಿದ ನಾಳವನ್ನು ತೆರೆಯುವ ಚಿಕಿತ್ಸೆಯಿಲ್ಲ, ಸ್ಟೀರಾಯ್ಡ್‌ನಿಂದ ಲಾಭ ಸಾಬೀತಾಗಿಲ್ಲ. ಮೆತ್ತನೆಯ ಹಾಸಿಗೆ, ಆಗಾಗ ಮಗ್ಗುಲು ಬದಲಿಸುವುದು, ಮೂತ್ರ ಕಟ್ಟಿದರೆ ಮೂತ್ರಕೋಶ ಖಾಲಿ ಮಾಡುವುದು, ಬೇಗನೆ ಆರಂಭಿಸಿದ ಫಿಸಿಯೊಥೆರಪಿ, ಇವೇ ಚಿಕಿತ್ಸೆ. ಬೆರಳನ್ನು ಇಕ್ಕಳದಿಂದ ಬಲವಾಗಿ ಒತ್ತಿದಾಗ ನಾಯಿ ತಿರುಗಿ ನೋಡಿದರೆ ಅಥವಾ ಕೂಗಿದರೆ ಚೇತರಿಕೆಯ ನಿರೀಕ್ಷೆ ಒಳ್ಳೆಯದು. ಕಾಲು ಎಳೆದುಕೊಂಡರಷ್ಟೇ ಸಾಲದು, ಅದು ಬರೀ ಪ್ರತಿವರ್ತನೆ. ಸುಧಾರಣೆ ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಕಾಣುತ್ತದೆ, ಪೂರ್ತಿ ಚೇತರಿಕೆಗೆ ತಿಂಗಳುಗಳು ಹಿಡಿಯಬಹುದು. ಹಲವು ನಾಯಿಗಳಲ್ಲಿ ಸ್ವಲ್ಪ ಕುಂಟು ಉಳಿಯುತ್ತದೆ. ಮರುಕಳಿಕೆ ಅಪರೂಪ.