ಗೂಡು, ಬಾಕ್ಸು, ಗೊಂಚಲು, ಎಲೆ: ಮಕ್ಕಳ ಸರಣಿಯೊಂದರ ಪಾತ್ರವರ್ಗಕ್ಕೆ ಆಕಾರ ಮತ್ತು ಬಣ್ಣದ ವಿನ್ಯಾಸ

ಓದಲು ಬಾರದ ಮಗು ಪಾತ್ರವನ್ನು ಮೊದಲು ಗುರುತಿಸುವುದು ಹೊರರೇಖೆಯಿಂದ. ಕಣ್ಣು, ಮೂಗು, ಬಟ್ಟೆಗಳತ್ತ ಅದರ ಗಮನ ಹರಿಯುವುದು ಆಮೇಲೆ. ತೊಗಲು ಗೊಂಬೆಯಾಟದ ಕಲಾವಿದರಿಗೆ ಇದು ಹಿಂದಿನಿಂದಲೂ ಗೊತ್ತು. ಪರದೆಯ ಹಿಂದಿನ ದೀಪದ ಬೆಳಕಿನಲ್ಲಿ ರಾಜ ದೊಡ್ಡವನಾಗಿ, ಸೇವಕ ಚಿಕ್ಕವನಾಗಿ ಕಾಣಬೇಕು. ಆದ್ದರಿಂದ ಅಲ್ಲಿ ಗೊಂಬೆಯ ಅಳತೆಯೇ ಅದರ ಸ್ಥಾನಮಾನವನ್ನು ಹೇಳುತ್ತದೆ. ಹಲವು ಪುಸ್ತಕಗಳಲ್ಲಿ, ಹಲವು ಚಿತ್ರಕಾರರ ಕೈಯಲ್ಲಿ ಸಾಗುವ ಮಕ್ಕಳ ಸರಣಿಗೂ ಅಂಥದೇ ಒಂದು ಕಟ್ಟುಪಾಡು ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಊರುಗಳನ್ನು ಪ್ರತಿನಿಧಿಸುವ ಮಾದರಿ ಪಾತ್ರವರ್ಗವೊಂದನ್ನು ಕಟ್ಟಿ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಮೊದಲ ತೊಡಕು ಊರುಗಳ ಬೆಳೆಯಲ್ಲೇ ಇದೆ. ಚಿಕ್ಕಬಳ್ಳಾಪುರಕ್ಕೆ ದ್ರಾಕ್ಷಿ, ಚಿಂತಾಮಣಿಗೆ ಟೊಮೆಟೊ, ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಎಂದು ಆರಿಸಿಕೊಂಡರೆ ಮೂರೂ ದುಂಡು. ಒಳಗಿನ ಬಣ್ಣ ತೆಗೆದು ಕಪ್ಪು ತುಂಬಿ, ಎರಡು ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ ನೋಡಿದರೆ ಮೂರು ಉಂಡೆಗಳಷ್ಟೇ ಕಾಣುತ್ತವೆ. ಹೀಗಾಗಿ ಹಣ್ಣನ್ನು ಬಿಟ್ಟು, ಹಣ್ಣು ಜನರ ಕಣ್ಣಿಗೆ ಬೀಳುವ ರೂಪವನ್ನು ಹಿಡಿಯಬೇಕಾಗುತ್ತದೆ. ದ್ರಾಕ್ಷಿ ಬಳ್ಳಿಯಲ್ಲಿ ಗೊಂಚಲಾಗಿ ತೂಗುತ್ತದೆ: ತುದಿ ಕೆಳಗಾದ ತ್ರಿಕೋನ. ಟೊಮೆಟೊ ಮಾರುಕಟ್ಟೆಗೆ ಬರುವುದು ಬಾಕ್ಸಿನಲ್ಲಿ: ಚೌಕ. ಹೀಗೆ ದುಂಡು ರೂಪ ಗೂಡೊಂದಕ್ಕೇ ಉಳಿಯುತ್ತದೆ.

ಗೂಡಿನಲ್ಲೂ ಆಯ್ಕೆಯಿದೆ. ಮೈಸೂರು ದೇಸಿ ತಳಿಯ ಗೂಡಿನ ತುದಿ ಚೂಪು. ಸಿಎಸ್ಆರ್-2 ತಳಿಯದು ಮೊಟ್ಟೆಯಾಕಾರ. ಸಿಎಸ್ಆರ್-4 ತಳಿಯದು ನಡು ಸಣ್ಣಗಾಗಿ ಡಂಬೆಲ್ಲಿನಂತಿರುತ್ತದೆ. ನಾಚಿಕೆ ಸ್ವಭಾವದ, ಒಳಗೊಳಗೇ ಯೋಚಿಸುವ ಹುಡುಗಿಯ ಪಾತ್ರಕ್ಕೆ ಮೂಲೆಯಿಲ್ಲದ ಮೊಟ್ಟೆಯಾಕಾರವೇ ಒಪ್ಪುತ್ತದೆ. ಡಂಬೆಲ್ ಆಕಾರವನ್ನು ಅವಳ ಅಣ್ಣನಿಗೆ ಕೊಡಬಹುದು. ಒಂದೇ ಮನೆಯವರೆಂದೂ ತಿಳಿಯುತ್ತದೆ, ಬೇರೆ ಬೇರೆ ಎಂದೂ ತಿಳಿಯುತ್ತದೆ. ಶಿಡ್ಲಘಟ್ಟದ ಮಕ್ಕಳು ದಿನವೂ ಗೂಡು ನೋಡಿ ಬೆಳೆದವರು, ಈ ವ್ಯತ್ಯಾಸ ಅವರ ಕಣ್ಣು ತಪ್ಪಿಸುವುದಿಲ್ಲ.

ಗೌರಿಬಿದನೂರಿಗೆ ಮೊದಲು ಹೊಳೆಯುವುದು ಅಲ್ಲಿನ ರೇಡಿಯೊ ದೂರದರ್ಶಕ. ಅದರ ವಿನ್ಯಾಸ ಇಂಗ್ಲಿಷಿನ 'ಟಿ' ಅಕ್ಷರದಂತಿದೆ, ಆದರೆ ಆ ಆಕಾರ ಕಾಣುವುದು ಮೇಲಿನಿಂದ ನೋಡಿದಾಗ ಮಾತ್ರ. ಬಯಲಲ್ಲಿ ನಿಂತ ಮಗುವಿಗೆ ಕಾಣುವುದು ಕಂಬ ಮತ್ತು ತಂತಿ. ಅದನ್ನು ಬಿಟ್ಟು ವಿದುರಾಶ್ವತ್ಥದ ಅಶ್ವತ್ಥದೆಲೆಯನ್ನು ಆರಿಸಿಕೊಂಡೆ. ಎಲೆಯನ್ನು ಮರದಲ್ಲಿರುವಂತೆ ಬಾಲ ಕೆಳಗೆ ಮಾಡಿ ಬರೆದರೆ ಅದೂ ಗೊಂಚಲಿನಂತೆಯೇ ಕಾಣುತ್ತದೆ. ಬಾಲವನ್ನು ಜುಟ್ಟಿನಂತೆ ಮೇಲೆತ್ತಿ, ಅಗಲವಾದ ಬುಡವನ್ನು ನೆಲಕ್ಕೆ ಇಟ್ಟಾಗ ಗೊಂದಲ ಹೋಗುತ್ತದೆ. ಸ್ವಭಾವವೂ ಅದರ ಬೆನ್ನಿಗೇ ಬರುತ್ತದೆ: ಬುಡ ಕಿರಿದಾದ ಗೊಂಚಲು ಸದಾ ಮುಗ್ಗರಿಸುವ ಅವಸರದ ಹುಡುಗ, ಬುಡ ಅಗಲವಾದ ಎಲೆ ನಿಂತು ಯೋಚಿಸುವ ಅಜ್ಜಿ.

ಬಾಕ್ಸಿನ ತೊಂದರೆ ತಿರುಗಿದಾಗ ಗೊತ್ತಾಗುತ್ತದೆ. ಎದುರಿನಿಂದ ಚೌಕವಾಗಿದ್ದದ್ದು, ಓರೆಯಾಗಿ ಮೇಲಿನಿಂದ ನೋಡಿದಾಗ ಆರು ಮೂಲೆಯದಾಗಿ ದುಂಡಿನ ಕಡೆಗೆ ಜಾರುತ್ತದೆ. ಆದ್ದರಿಂದ ಮಾದರಿ ಹಾಳೆಯಲ್ಲಿ ಎದುರು, ಪಕ್ಕ, ಬೆನ್ನು ಮೂರನ್ನೂ ಬರೆದಿಟ್ಟು, ಮೇಲಿನ ಓರೆನೋಟವನ್ನು ಈ ಪಾತ್ರಕ್ಕೆ ನಿಷೇಧಿಸಬೇಕು. ಇಂಥ ನಿಷೇಧಗಳನ್ನು ಹಾಳೆಯ ಮೇಲೆಯೇ ಬರೆಯದಿದ್ದರೆ ಎರಡನೆಯ ಪುಸ್ತಕದ ಚಿತ್ರಕಾರ ತನಗೆ ತೋಚಿದಂತೆ ತಿರುಗಿಸುತ್ತಾನೆ.

ಬಣ್ಣಕ್ಕೆ ಕೈ ಹಾಕುವುದು ಇದಾದ ಮೇಲೆಯೇ. ಟೊಮೆಟೊ ಕೆಂಪಿಗೆ #D03A2B, ಎಲೆಯ ಹಸಿರಿಗೆ #3E7D3A ಎಂದು ಆರಿಸಿದರೆ ಕಣ್ಣಿಗೆ ಅವು ತೀರಾ ಬೇರೆ. ಆದರೆ ಕಪ್ಪು 0, ಬಿಳಿ 100 ಎಂದಿಟ್ಟುಕೊಂಡ ಎಲ್‍ಎಬಿ ಮಾನದಲ್ಲಿ ಅವುಗಳ ತಿಳಿತನ 48 ಮತ್ತು 47. ಜೆರಾಕ್ಸ್ ಪ್ರತಿಯಲ್ಲಿ ಎರಡೂ ಒಂದೇ ಬೂದಿ. ಕೆಂಪು–ಹಸಿರು ಗುರುತಿಸಲಾಗದ ಮಗುವಿಗೂ ಇವು ಹತ್ತಿರ ಹತ್ತಿರವೇ. ಹಸಿರನ್ನು #7FA872ಕ್ಕೆ ತಿಳಿಗೊಳಿಸಿದಾಗ ಅದು 65ಕ್ಕೆ ಏರುತ್ತದೆ. ಮಿಶ್ರತಳಿ ಗೂಡಿನ ಹಳದಿ #F2C84B 82ರಲ್ಲಿ, ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢ ನೇರಳೆ #3B2A55 21ರಲ್ಲಿ ನಿಲ್ಲುತ್ತವೆ. ಈಗ 21, 48, 65, 82: ಯಾವ ಎರಡರ ನಡುವೆಯೂ ಕನಿಷ್ಠ 17ರ ಅಂತರ.

ಗೂಡಿಗೆ ದ್ವಿತಳಿಯ ಬಿಳಿಯನ್ನು ಕೊಡಲಿಲ್ಲ. ಬಿಳಿ ಕಾಗದದ ಮೇಲೆ ಬಿಳಿ ಪಾತ್ರ ಹೊರರೇಖೆಯೊಂದನ್ನೇ ನಂಬಿ ಬದುಕಬೇಕು. ಅಚ್ಚಿನಲ್ಲಿ ಗೆರೆ ತೆಳುವಾದರೆ ಪಾತ್ರವೇ ಮಾಯ.

ಈ ಹೊಂದಿಕೆಗೆ ರಾತ್ರಿಯ ದೃಶ್ಯ ಕಷ್ಟ ಕೊಡುತ್ತದೆ. ಕಡುನೀಲಿ ಆಕಾಶದ ತಿಳಿತನವೂ 20ರ ಆಸುಪಾಸಿಗೆ ಬಂದರೆ ಗೊಂಚಲು ಅದರಲ್ಲಿ ಮುಳುಗುತ್ತದೆ. ಪಾತ್ರದ ನೇರಳೆಯನ್ನು ತಿಳಿಗೊಳಿಸಿದರೆ ಮುಂದಿನ ಪುಟದಲ್ಲಿ ಮಗು ಅವನನ್ನು ಬೇರೆಯವನೆಂದುಕೊಳ್ಳಬಹುದು. ನೇರಳೆಯನ್ನು ಮುಟ್ಟದೆ ಆಕಾಶವನ್ನೇ 40ರವರೆಗೆ ಏರಿಸಬಹುದು, ಆದರೆ ಅದೇ ಪುಟದಲ್ಲಿ ಟೊಮೆಟೊ ಬಾಕ್ಸೂ ಇದ್ದರೆ 48ರ ಕೆಂಪು ಆಕಾಶಕ್ಕೆ ಹತ್ತಿರವಾಗುತ್ತದೆ. ಅಂಥ ಪುಟಗಳಲ್ಲಿ ಆಕಾಶವನ್ನು 34ರ ಸುಮಾರಿಗೆ ನಿಲ್ಲಿಸಿ, ಗೊಂಚಲನ್ನು ದೀಪ ಉರಿಯುವ ಕಿಟಕಿಯ ಮುಂದೆ ನಿಲ್ಲಿಸಬೇಕು.