ಮಂಗಳ ಗ್ರಹದವರು ಯಾರ ಥರ ಇದ್ದರು?

ಅನ್ಯಗ್ರಹದವರು ಭೂಮಿಗೆ ಬಂದಿಳಿಯುವ ಕಥೆಗಳಲ್ಲಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸೋದು ಮೊದಲ ಐದು ನಿಮಿಷ. ನೌಕೆಯ ಬಾಗಿಲು ತೆರೆಯುತ್ತೆ, ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡ್ತಾರೆ. ಮುಂದೇನಾಗುತ್ತೆ ಅನ್ನೋದನ್ನ ಲೇಖಕ ಆಕಾಶ ನೋಡಿ ಬರೆಯಲ್ಲ, ತನ್ನ ಊರು ನೋಡಿ ಬರೀತಾನೆ. ಇದು ಸುಮ್ಮನೆ ಹೇಳೋ ಮಾತಲ್ಲ. ಎಚ್. ಜಿ. ವೆಲ್ಸ್ ಬರೆದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಹಿಡಿದುಕೊಂಡು ನೋಡೋಣ.

1895ರಲ್ಲಿ ವೆಲ್ಸ್ ಲಂಡನ್ ಹತ್ತಿರದ ವೋಕಿಂಗ್ ಊರಿಗೆ ಬಂದು ನೆಲೆಸಿದರು. ಆಗ ತಾನೇ ಕಲಿತ ಸೈಕಲ್ ಹತ್ತಿ ಸುತ್ತಾಡ್ತಾ, ತಮ್ಮ ಕಥೆಯಲ್ಲಿ ಯಾವ ಯಾವ ಜಾಗ ನಾಶವಾಗಬೇಕು ಅಂತ ಗುರುತು ಮಾಡಿಕೊಂಡರಂತೆ. ಆದರೆ ಕಥೆಯ ಬೀಜ ಬಂದಿದ್ದು ಅಣ್ಣ ಫ್ರಾಂಕ್ ಜೊತೆ ಆಡಿದ ಒಂದು ಮಾತಿನಿಂದ. ಇಬ್ಬರೂ ಟ್ಯಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳ ಬಗ್ಗೆ ಮಾತಾಡ್ತಿದ್ದರು. ಅಲ್ಲಿಗೆ ಬ್ರಿಟಿಷರು ವಲಸೆ ಬಂದಿದ್ದು 1803ರಲ್ಲಿ. ಮೂರೇ ದಶಕದಲ್ಲಿ ಸಾವಿರಾರು ಜನರ ಸಮುದಾಯದಲ್ಲಿ ಸುಮಾರು ಇನ್ನೂರು ಜನರಷ್ಟೇ ಉಳಿದು, ಅವರನ್ನೂ ಫ್ಲಿಂಡರ್ಸ್ ಅನ್ನೋ ಪುಟ್ಟ ದ್ವೀಪಕ್ಕೆ ಸಾಗಿಸಿದ್ದರು. ಆಕಾಶದಿಂದ ಯಾರೋ ಇಳಿದು ನಮಗೂ ಹೀಗೇ ಮಾಡಿದರೆ? ಇದು ಅಣ್ಣ ಎತ್ತಿದ ಪ್ರಶ್ನೆ. ಪುಸ್ತಕವನ್ನ ವೆಲ್ಸ್ ಅರ್ಪಿಸಿದ್ದೂ ಆ ಅಣ್ಣನಿಗೇ. ಮೊದಲ ಅಧ್ಯಾಯದಲ್ಲೇ, ಮಂಗಳದವರನ್ನ ಬೈಯೋ ಮುಂಚೆ ಟ್ಯಾಸ್ಮೇನಿಯಾದಲ್ಲಿ ನಾವು ಮಾಡಿದ್ದನ್ನ ನೆನಪಿಸಿಕೊಳ್ಳಿ ಅಂತ ಅವರು ತಮ್ಮ ಓದುಗರಿಗೆ ನೇರವಾಗಿ ಹೇಳ್ತಾರೆ.

ಈಗ ಆ ಮೊದಲ ಭೇಟಿಗೆ ಬನ್ನಿ. ವೋಕಿಂಗ್ ಪಕ್ಕದ ಬಯಲಲ್ಲಿ ದೊಡ್ಡ ಸಿಲಿಂಡರ್ ಬಿದ್ದಿದೆ. ಬಂದವರೂ ಬುದ್ಧಿವಂತರೇ, ನಾವೂ ಬುದ್ಧಿವಂತರು ಅಂತ ತೋರಿಸೋಣ ಎಂದು ಖಗೋಳಜ್ಞ ಓಗಿಲ್ವಿ ಮತ್ತು ಕೆಲವರು ಬಿಳಿ ಬಾವುಟ ಹಿಡಿದು ಹತ್ತಿರ ಹೋಗ್ತಾರೆ. ಉತ್ತರವಾಗಿ ಬರೋದು ಶಾಖದ ಕಿರಣ. ಅಷ್ಟೂ ಜನ ಸುಟ್ಟುಹೋಗ್ತಾರೆ. ಇಲ್ಲಿ ಮಂಗಳದವರಿಗೆ ಕೋಪವೂ ಇಲ್ಲ, ದ್ವೇಷವೂ ಇಲ್ಲ. ಎದುರಿಗಿರುವವರ ಜೊತೆ ಮಾತಾಡಬೇಕು ಅಂತ ಅವರಿಗೆ ಅನ್ನಿಸೋದೇ ಇಲ್ಲ. ಪುಸ್ತಕ ಬಂದಿದ್ದು 1898ರಲ್ಲಿ. ಐದು ವರ್ಷ ಹಿಂದೆ, 1893ರಲ್ಲಿ, ಇಂದಿನ ಜಿಂಬಾಬ್ವೆಯಲ್ಲಿ ಬ್ರಿಟಿಷ್ ಪಡೆ ಮ್ಯಾಕ್ಸಿಮ್ ಮೆಷಿನ್ ಗನ್ ಹಿಡಿದು ಮಟಬೆಲೆ ಯೋಧರನ್ನ ಎದುರಿಸಿತ್ತು. ಗನ್ನಿನ ಹಿಂದೆ ನಿಂತವರಿಗೆ ಗನ್ನಿನ ಮುಂದೆ ನಿಲ್ಲೋದು ಹೇಗಿರುತ್ತೆ ಅಂತ ವೆಲ್ಸ್ ತೋರಿಸಿದರು.

ಕೊನೆಯಲ್ಲಿ ಮಂಗಳದವರನ್ನ ಕೊಲ್ಲೋದು ಸೈನ್ಯ ಅಲ್ಲ, ಬ್ಯಾಕ್ಟೀರಿಯಾ. ಇದರಲ್ಲಿ ಒಂದು ಆಸೆ ಅಡಗಿದೆ. ಫ್ಲಿಂಡರ್ಸ್ ದ್ವೀಪದಲ್ಲಿ ರೋಗಗಳು ಕೊಂದಿದ್ದು ಮೂಲನಿವಾಸಿಗಳನ್ನ. ಕಥೆಯಲ್ಲಿ ಅದು ತಿರುವುಮುರುವು: ರೋಗ ದಾಳಿಕೋರರನ್ನ ಕೊಂದು ಲಂಡನ್ ಉಳಿಸುತ್ತೆ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಟ್ಯಾಸ್ಮೇನಿಯಾದ ಜನ ಪೂರ್ತಿ ಅಳಿದುಹೋದರು ಅಂತ ವೆಲ್ಸ್ ಬರೆದರು. ಅದು ತಪ್ಪು. ಅವರ ವಂಶಸ್ಥರು ಇವತ್ತಿಗೂ ಅಲ್ಲಿದ್ದಾರೆ. ಕನ್ನಡಿ ಹಿಡಿದವರ ಕಣ್ಣಲ್ಲೂ ಆ ಕಾಲದ ಪೊರೆ ಇತ್ತು.

ಇದೇ ಕಥೆ ನಲವತ್ತು ವರ್ಷದ ನಂತರ ಅಮೆರಿಕಕ್ಕೆ ಹೋಯ್ತು. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ (ಇವರು ಬೇರೆ ವೆಲ್ಸ್, ಸಂಬಂಧಿ ಅಲ್ಲ) ಇದನ್ನ ರೇಡಿಯೋ ನಾಟಕ ಮಾಡಿದರು. ಸಂಗೀತದ ಮಧ್ಯೆ ತುರ್ತು ಸುದ್ದಿ ಬಂದ ಹಾಗೆ ಅದನ್ನ ಕಟ್ಟಿದ್ದರು. ಒಂದು ತಿಂಗಳ ಹಿಂದಷ್ಟೇ, ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲಿ, ಜನ ರೇಡಿಯೋದಲ್ಲಿ ಇಂಥದ್ದೇ ತುರ್ತು ಸುದ್ದಿ ಕೇಳಿದ್ದರು. ದೇಶಕ್ಕೆ ದೇಶವೇ ಬೀದಿಗೆ ಬಂತು ಅನ್ನೋದು ಪತ್ರಿಕೆಗಳು ಊದಿ ಹೇಳಿದ ಕಥೆ. ಆದರೆ ನಿಜವಾಗಿ ಹೆದರಿದವರನ್ನ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಮಾತಾಡಿಸಿದಾಗ, ಅವರಲ್ಲಿ ಕೆಲವರು ಬಂದಿದ್ದು ಮಂಗಳದವರು ಅಂತ ಅಂದುಕೊಂಡೇ ಇರಲಿಲ್ಲ, ಜರ್ಮನರು ಅಂತ ನಂಬಿದ್ದರು! ಕಥೆ ಅದೇ, ಭಯ ಮಾತ್ರ ಬೇರೆ.

ನಮ್ಮ ದೇಶಕ್ಕೆ ಬರೋಣ. 1962ರಲ್ಲಿ ಸತ್ಯಜಿತ್ ರಾಯ್ ಬಂಗಾಳಿಯಲ್ಲಿ ‘ಬಂಕುಬಾಬುರ್ ಬಂಧು’ ಅನ್ನೋ ಮಕ್ಕಳ ಕಥೆ ಬರೆದರು. ಅಂದರೆ ಬಂಕುಬಾಬುವಿನ ಗೆಳೆಯ. ಬಂಕುಬಾಬು ಹಳ್ಳಿಯ ಸಾಧು ಮೇಷ್ಟ್ರು. ಊರ ಹರಟೆಕಟ್ಟೆಯಲ್ಲಿ ಎಲ್ಲರೂ ಇವರನ್ನ ಗೇಲಿ ಮಾಡೋರೇ. ಒಂದು ರಾತ್ರಿ ಬಿದಿರು ಮೆಳೆ ಹತ್ತಿರ ಆಂಗ್ ಅನ್ನೋ ಅನ್ಯಗ್ರಹದವನು ಸಿಕ್ತಾನೆ. ಅವನು ಗೆಲ್ಲೋಕೆ ಬಂದವನಲ್ಲ, ದಾರಿ ತಪ್ಪಿ ಇಳಿದವನು. ಮೇಷ್ಟ್ರನ್ನ ಮರ್ಯಾದೆಯಿಂದ ಮಾತಾಡಿಸ್ತಾನೆ, ಇಷ್ಟು ಸಾಧು ಆಗಿರಬಾರದು ಅಂತಾನೆ. ಆಮೇಲೆ ಬಂಕುಬಾಬು ಆ ಹರಟೆಕಟ್ಟೆಯಲ್ಲಿ ಮೊದಲ ಸಲ ತಿರುಗಿ ಮಾತಾಡ್ತಾರೆ.

ಸಾಮ್ರಾಜ್ಯ ಕಟ್ಟಿದವರ ಊರಿಗೆ ಬಂದ ಅತಿಥಿ ಬಿಳಿ ಬಾವುಟ ಸುಟ್ಟ. ದಿನಾ ಅವಮಾನ ನುಂಗುವವರ ಊರಿಗೆ ಬಂದವನು ಹೇಗಿದ್ದೀರಿ ಅಂತ ಕೇಳಿದ. ಮುಂದಿನ ಸಲ ಇಂಥ ಸಿನಿಮಾ ನೋಡುವಾಗ ಬಂದವರ ಮುಖ ನೋಡಬೇಡಿ. ಬಿಳಿ ಬಾವುಟಕ್ಕೆ ಅವರು ಏನು ಉತ್ತರ ಕೊಡ್ತಾರೆ ಅಂತ ನೋಡಿ. ಕಥೆ ಬರೆದವರು ಯಾವ ಕಡೆ ನಿಂತು ಹೆದರಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ. ಮತ್ತೆ ಸಿಗೋಣ.