ಮೂಲಮಾದರಿ ಸಿದ್ಧಾಂತ

ಮೂಲಮಾದರಿ ಸಿದ್ಧಾಂತವು ಪದಗಳ ಅರ್ಥ ಮನಸ್ಸಿನಲ್ಲಿ ಹೇಗೆ ನೆಲೆಗೊಂಡಿದೆ ಎಂಬುದನ್ನು ವಿವರಿಸುವ ಒಂದು ಸಿದ್ಧಾಂತ. ಒಂದು ಪದ ಸೂಚಿಸುವ ವರ್ಗವು ಲಕ್ಷಣಗಳ ಪಟ್ಟಿಯಿಂದಲ್ಲ, ಆ ವರ್ಗದ ಅತ್ಯುತ್ತಮ ಉದಾಹರಣೆಯನ್ನು ಕೇಂದ್ರವಾಗಿ ಇಟ್ಟುಕೊಂಡು ರೂಪುಗೊಳ್ಳುತ್ತದೆ ಎಂಬುದು ಇದರ ಪ್ರತಿಪಾದನೆ. ಅಮೆರಿಕದ ಮನೋವಿಜ್ಞಾನಿ ಎಲಿನಾರ್ ರಾಷ್ ಅವರು 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದಕ್ಕೆ ಆಧಾರವಾದವು.

ಸಾಂಪ್ರದಾಯಿಕ ದೃಷ್ಟಿ

ಅರಿಸ್ಟಾಟಲನಿಂದ ಬಂದ ಸಾಂಪ್ರದಾಯಿಕ ದೃಷ್ಟಿಯ ಪ್ರಕಾರ ಪದದ ಅರ್ಥವೆಂದರೆ ಕೆಲವು ಲಕ್ಷಣಗಳ ಕೂಟ. ಪ್ರತಿಯೊಂದು ಲಕ್ಷಣವೂ ಇರಲೇಬೇಕು. ಎಲ್ಲವೂ ಇದ್ದರೆ ಅಷ್ಟೇ ಸಾಕು. ಮೂರು ಸರಳರೇಖೆಗಳಿಂದ ಆವೃತವಾದ ಸಮತಲ ಆಕೃತಿ ತ್ರಿಭುಜ. ಯಾವ ಆಕೃತಿಯೂ ಅರೆ ತ್ರಿಭುಜವಾಗಿರುವುದಿಲ್ಲ, ಒಂದು ತ್ರಿಭುಜ ಇನ್ನೊಂದಕ್ಕಿಂತ ಹೆಚ್ಚು ತ್ರಿಭುಜವೂ ಅಲ್ಲ. ಭಾರತೀಯ ತರ್ಕಶಾಸ್ತ್ರವೂ ಲಕ್ಷಣವನ್ನು ಇಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತದೆ. ಹಸುವನ್ನು ‘ಕಪಿಲ ಬಣ್ಣದ್ದು’ ಎಂದರೆ ಬೇರೆ ಬಣ್ಣದ ಹಸುಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನೇ ಲಕ್ಷಣವಾಗಿ ಹೇಳುವುದು ಈ ದೋಷಗಳಿಂದ ತಪ್ಪಿಸಿಕೊಳ್ಳಲೆಂದು.

ದಿನಬಳಕೆಯ ಎಲ್ಲ ಪದಗಳಿಗೂ ಇಂಥ ಲಕ್ಷಣ ದೊರೆಯುತ್ತದೆಯೇ ಎಂಬ ಸಂದೇಹವನ್ನು ಲುಡ್ವಿಗ್ ವಿಟ್ಗೆನ್‌ಸ್ಟೈನ್ ಎತ್ತಿದನು. 1953ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಅವನ ಕೃತಿಯಲ್ಲಿ ‘ಆಟ’ ಎಂಬ ಪದದ ಚರ್ಚೆಯಿದೆ. ಚದುರಂಗ, ಇಸ್ಪೀಟು, ಚೆಂಡಾಟ ಎಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿಲ್ಲ. ಒಂದೇ ಕುಟುಂಬದವರ ಮುಖಗಳಲ್ಲಿರುವಂತೆ ಅಲ್ಲಲ್ಲಿ ಹೋಲಿಕೆಗಳಿವೆ.

ರಾಷ್ ಅವರ ಪ್ರಯೋಗಗಳು

ರಾಷ್ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದರು. 1975ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ಹಕ್ಕಿ, ಹಣ್ಣು, ಪೀಠೋಪಕರಣ ಮೊದಲಾದ ವರ್ಗಗಳ ಸದಸ್ಯರಿಗೆ, ಅವು ಎಷ್ಟು ಒಳ್ಳೆಯ ಉದಾಹರಣೆಗಳು ಎಂಬುದನ್ನು ಅನುಸರಿಸಿ 1ರಿಂದ 7ರವರೆಗೆ ಅಂಕ ನೀಡಿದರು. ಒಂದು ಎಂದರೆ ಅತ್ಯುತ್ತಮ. ಹಕ್ಕಿಗಳಲ್ಲಿ ಅಲ್ಲಿನ ಮನೆಯಂಗಳದ ಪರಿಚಿತ ಹಕ್ಕಿಯಾದ ರಾಬಿನ್ ಮೊದಲ ಸ್ಥಾನ ಪಡೆಯಿತು. ಉಷ್ಟ್ರಪಕ್ಷಿ, ಪೆಂಗ್ವಿನ್‌ಗಳು ಬಹಳ ಕೆಳಗೆ ಉಳಿದವು. ವಾಕ್ಯವೊಂದು ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಇಂಥ ಬೇರೆ ಪ್ರಯೋಗಗಳಲ್ಲಿ, ಉತ್ತಮ ಉದಾಹರಣೆಯಿರುವ ವಾಕ್ಯಕ್ಕೆ ಉತ್ತರ ಬೇಗನೆ ಬಂದಿತು. ಪಟ್ಟಿಯ ಎಲ್ಲ ಲಕ್ಷಣಗಳಿದ್ದವರೆಲ್ಲ ಸಮಾನ ಸದಸ್ಯರು ಎಂಬ ಸಾಂಪ್ರದಾಯಿಕ ದೃಷ್ಟಿಯಿಂದ ಈ ಏರಿಳಿತವನ್ನು ವಿವರಿಸುವುದು ಕಷ್ಟ.

ಮಸುಕಾದ ಗಡಿ: ಕಪ್ ಮತ್ತು ಬೌಲ್

ವರ್ಗದ ಕೇಂದ್ರ ಒಂದು ವಿಷಯವಾದರೆ ಅಂಚು ಮತ್ತೊಂದು. ಅಂಚಿನ ಅಧ್ಯಯನಕ್ಕೆ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಮಾದರಿ. ಅವರು ಹಿಡಿಯುಳ್ಳ ಪಾತ್ರೆಗಳ ರೇಖಾಚಿತ್ರಗಳನ್ನು ತೋರಿಸಿ ಹೆಸರು ಕೇಳಿದರು. ಮೊದಲ ಚಿತ್ರದಲ್ಲಿ ಪಾತ್ರೆಯ ಅಗಲವೂ ಆಳವೂ ಬಹುತೇಕ ಸಮ. ಮುಂದಿನವುಗಳಲ್ಲಿ ಅಗಲ ಹಂತಹಂತವಾಗಿ ಹೆಚ್ಚಿ ಆಳದ ಎರಡೂವರೆ ಪಟ್ಟಾಗುತ್ತದೆ. ಮೊದಲನೆಯದನ್ನು ನೋಡಿದವರು ‘ಕಪ್’ ಎಂದರು. ಅಗಲ ಹೆಚ್ಚಿದಂತೆ ಹಾಗೆನ್ನುವವರು ಕಡಿಮೆಯಾಗುತ್ತ, ‘ಬೌಲ್’ ಎನ್ನುವವರು ಹೆಚ್ಚುತ್ತ ಹೋದರು. ಇಲ್ಲಿಗೆ ಕಪ್ ಮುಗಿಯಿತು ಎಂದು ಗೆರೆ ಎಳೆಯಬಹುದಾದ ಹಂತ ಕಾಣಲಿಲ್ಲ.

ಲಬೋವ್ ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಚಿತ್ರಗಳನ್ನು ತೋರಿಸಿ, ಒಮ್ಮೆ ಪಾತ್ರೆಯಲ್ಲಿ ಕಾಫಿ ಇದೆಯೆಂದೂ ಇನ್ನೊಮ್ಮೆ ಊಟದ ಮೇಜಿನ ಮೇಲೆ ಹಿಸುಕಿದ ಆಲೂಗಡ್ಡೆ ತುಂಬಿಟ್ಟಿದೆಯೆಂದೂ ಊಹಿಸಿಕೊಳ್ಳಲು ಹೇಳಿದರು. ಆಹಾರದ ಸಂದರ್ಭದಲ್ಲಿ ಜನರು ಅಷ್ಟೊಂದು ಅಗಲವಿಲ್ಲದ ಪಾತ್ರೆಗೂ ಬೌಲ್ ಎನ್ನತೊಡಗಿದರು. ಹೀಗೆ ಗಡಿ ಮಸುಕಾಗಿರುವುದಷ್ಟೇ ಅಲ್ಲ, ಪಾತ್ರೆ ಬದಲಾಗದೆಯೇ ಬಳಕೆಗೆ ತಕ್ಕಂತೆ ಸರಿಯುತ್ತದೆ ಎಂಬುದು ತಿಳಿದುಬಂದಿತು. ಬಳಕೆದಾರರ ಅಜ್ಞಾನವೇ ಇದಕ್ಕೆ ಕಾರಣವೆನ್ನಲಾಗದು. ಕಪ್ ಎಂದರೇನೆಂದು ತಿಳಿಯದವರು ಅವರಲ್ಲಿ ಇರಲಿಲ್ಲ.

ಎರಡನ್ನು ಒಂದೆಂದು ಭಾವಿಸುವ ತಪ್ಪು

ಕೇಂದ್ರದಿಂದ ದೂರವಿರುವುದು, ಗಡಿಯಲ್ಲಿರುವುದು ಎರಡೂ ಒಂದೇ ಎಂದು ಎಷ್ಟೋ ಬರಹಗಳಲ್ಲಿ ಭಾವಿಸಲಾಗಿದೆ. ಇದು ಸರಿಯಲ್ಲ. ಪೆಂಗ್ವಿನ್ ಹಕ್ಕಿಯ ಒಳ್ಳೆಯ ಉದಾಹರಣೆಯಲ್ಲ, ಆದರೆ ಅದು ಹಕ್ಕಿಯೇ ಎಂಬುದರಲ್ಲಿ ಸಂಶಯವಿಲ್ಲ. ಅಗಲವಾದ ಕಪ್ಪಿನ ಸ್ಥಿತಿ ಬೇರೆ. ಅದು ಕಪ್ ಹೌದೋ ಅಲ್ಲವೋ ಎಂಬುದೇ ಅಲ್ಲಿನ ಪ್ರಶ್ನೆ. ಒಂದು ವಸ್ತು ಯಾವ ಬಗೆಯದೆಂದು ತಿಳಿಯಲು ‘ಇದು ಒಳ್ಳೆಯ ಉದಾಹರಣೆಯೇ?’, ‘ಇದು ಆ ವರ್ಗಕ್ಕೆ ಸೇರಿದ್ದೇ?’ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ.

ಶರೋನ್ ಆರ್ಮ್‌ಸ್ಟ್ರಾಂಗ್, ಲೀಲಾ ಗ್ಲೈಟ್‌ಮನ್ ಮತ್ತು ಹೆನ್ರಿ ಗ್ಲೈಟ್‌ಮನ್ 1983ರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು. ಅವರು ಅಂಕ ಕೊಡಲು ಕೇಳಿದ್ದು ಬೆಸ ಸಂಖ್ಯೆಗಳಿಗೆ. ಎರಡರಿಂದ ಭಾಗಿಸಿದಾಗ ಒಂದು ಶೇಷ ಉಳಿಯುವ ಪೂರ್ಣಾಂಕ ಬೆಸ ಸಂಖ್ಯೆ. ಈ ಲಕ್ಷಣಕ್ಕೆ ಅವ್ಯಾಪ್ತಿಯೂ ಇಲ್ಲ, ಅತಿವ್ಯಾಪ್ತಿಯೂ ಇಲ್ಲ. ಹಾಗಿದ್ದರೂ 3ಕ್ಕೆ ಉತ್ತಮ ಅಂಕ ದೊರೆಯಿತು, 447 ಹಿಂದೆ ಬಿದ್ದಿತು. ಬೆಸತನದಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ ಎಂದು ಹೇಳಿದವರೂ ಅಂಕ ಕೊಡುವಾಗ ಹೀಗೆಯೇ ತಾರತಮ್ಯ ಮಾಡಿದರು. ಆದುದರಿಂದ ಅಂಕಗಳ ಏರಿಳಿತವೊಂದೇ ಪದಕ್ಕೆ ಖಚಿತ ಲಕ್ಷಣವಿಲ್ಲವೆಂಬುದಕ್ಕೆ ಸಾಕ್ಷಿಯಾಗದು. ಇಂಥ ಅಂಕಗಳು ಉದಾಹರಣೆಯೊಂದು ಎಷ್ಟು ಸುಲಭವಾಗಿ ನೆನಪಿಗೆ ಬರುತ್ತದೆ, ಎಷ್ಟು ಬೇಗ ಗುರುತು ಸಿಗುತ್ತದೆ ಎಂಬುದನ್ನಷ್ಟೇ ತೋರಿಸುತ್ತಿರಬಹುದು. ಲಬೋವ್ ಅವರ ಪ್ರಯೋಗಕ್ಕೆ ಈ ಆಕ್ಷೇಪ ತಟ್ಟುವುದಿಲ್ಲ. ಅಲ್ಲಿ ಕೇಳಿದ್ದು ಅಂಕವನ್ನಲ್ಲ, ಹೆಸರನ್ನು.

ಪದಗಳು ಕೂಡಿದಾಗ

ಡೇನಿಯಲ್ ಓಶರ್ಸನ್ ಮತ್ತು ಎಡ್ವರ್ಡ್ ಸ್ಮಿತ್ 1981ರಲ್ಲಿ ಎತ್ತಿದ ತೊಡಕು ಪದಗುಚ್ಛಗಳಿಗೆ ಸಂಬಂಧಿಸಿದ್ದು. ಗಪ್ಪಿ ಎಂಬ ಪುಟ್ಟ ಮೀನು ‘ಸಾಕುಪ್ರಾಣಿ’ಗೆ ಒಳ್ಳೆಯ ಉದಾಹರಣೆಯಲ್ಲ, ಆ ಮಾತಿಗೆ ನಾಯಿ, ಬೆಕ್ಕುಗಳು ನೆನಪಾಗುತ್ತವೆ. ‘ಮೀನು’ ಎಂಬುದಕ್ಕೂ ಅದು ಒಳ್ಳೆಯ ಉದಾಹರಣೆಯಲ್ಲ. ‘ಸಾಕುಮೀನು’ ಎಂದೊಡನೆ ಮಾತ್ರ ಅದು ಮುಂಚೂಣಿಗೆ ಬರುತ್ತದೆ. ಎರಡು ಪದಗಳ ಮೂಲಮಾದರಿಗಳನ್ನು ಕೂಡಿಸಿದರೆ ಗುಚ್ಛದ ಮೂಲಮಾದರಿ ದೊರೆಯುವುದಿಲ್ಲ. ಲಕ್ಷಣಗಳ ಪಟ್ಟಿಗೆ ಈ ತೊಡಕಿಲ್ಲ: ಸಾಕಿದ್ದೂ ಆಗಿರಬೇಕು, ಮೀನೂ ಆಗಿರಬೇಕು, ಅಷ್ಟೇ.